ಮೊದಲ ಆರ್ಡರ್ ಯಾರದು? ಹಳ್ಳಿ ಅಂಗಡಿಯ ಒಂದು ಸಣ್ಣಕತೆಯನ್ನು ಬುಡದಿಂದ ಕಟ್ಟುವ ಸಮಗ್ರ ಮಾರ್ಗದರ್ಶಿ

ಹಳ್ಳಿಯಲ್ಲೊಂದು ದಿನಸಿ ಅಂಗಡಿ. ಓದಿ ಬಂದ ಮಗ ಅದಕ್ಕೊಂದು ಆ್ಯಪ್ ಮಾಡುತ್ತಾನೆ. ಅಪ್ಪನಿಗೆ ಮೊದಲ ಆನ್‌ಲೈನ್ ಆರ್ಡರ್ ಬರುತ್ತದೆ. ಇಷ್ಟು ಹೊಳೆದ ಕೂಡಲೇ ಕತೆ ಅರ್ಧ ಮುಗಿದೇ ಹೋಯಿತು ಅನ್ನಿಸಿಬಿಡುತ್ತದೆ. ನನಗೂ ಹಾಗೇ ಅನ್ನಿಸಿ ಒಂದೇ ರಾತ್ರಿಯಲ್ಲಿ ಬರೆದು ಮುಗಿಸಿದ್ದೆ. ಅಪ್ಪ ಮೊದಲು ಬೈಯುತ್ತಾನೆ, ಆಮೇಲೆ ಆರ್ಡರ್ ಬರುತ್ತದೆ, ಕೊನೆಗೆ ಕಣ್ಣೊರೆಸಿಕೊಳ್ಳುತ್ತಾನೆ. ಮಾರನೆಯ ದಿನ ಓದಿದಾಗ ಅದು ಕತೆಯಾಗಿರಲಿಲ್ಲ, ಆ್ಯಪಿನ ಜಾಹೀರಾತಾಗಿತ್ತು.

ಆ ಕತೆಯನ್ನು ಕೆಡವಿ ಮತ್ತೆ ಕಟ್ಟಿದ ಕ್ರಮವನ್ನೇ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ನಿಮ್ಮ ಪಾತ್ರಗಳ ಹೆಸರು, ಊರು ಬೇರೆ ಇರಬಹುದು, ಆದರೆ ಇದೇ ವಸ್ತುವಿನ ಮೇಲೆ ಬರೆಯಹೊರಟವರಿಗೆ ಎದುರಾಗುವ ಗುಂಡಿಗಳು ಹೆಚ್ಚುಕಡಿಮೆ ಇವೇ.

ಮೊದಲ ಹೆಜ್ಜೆ: ಆರ್ಡರ್ ಯಾರಿಗೆ ಕಷ್ಟ ಕೊಡುತ್ತದೆ ಎಂದು ತೀರ್ಮಾನಿಸಿ

ಅಂಗಡಿಯವನಿಗೆ ಆರ್ಡರ್ ಬರುವುದು ಒಳ್ಳೆಯ ಸುದ್ದಿ. ಒಳ್ಳೆಯ ಸುದ್ದಿಯಿಂದ ಕತೆ ಹುಟ್ಟುವುದಿಲ್ಲ. ಅದಕ್ಕೇ ಹೆಚ್ಚಿನವರು ಅಪ್ಪನ ಮೊಂಡುತನವನ್ನು ಎಳೆತಂದು ಜಗಳ ಹುಟ್ಟಿಸುತ್ತಾರೆ. ಅಪ್ಪನಿಗೆ ಫೋನ್ ಅಂದರೆ ಆಗದು, ಮಗನಿಗೆ ತಕ್ಕಡಿ ಅಂದರೆ ಆಗದು. ಈ ಜಗಳ ಎಲ್ಲಿ ಮುಗಿಯುತ್ತದೆ ಎಂದು ಓದುಗನಿಗೆ ಎರಡನೇ ಪ್ಯಾರಾದಲ್ಲೇ ಗೊತ್ತಾಗಿರುತ್ತದೆ. ಅಲ್ಲದೆ ಇವತ್ತಿನ ಹಳ್ಳಿ ಅಂಗಡಿಯವರು ಅಷ್ಟು ಮುಗ್ಧರಲ್ಲ. ಯುಪಿಐ ಬಂದದ್ದು 2016ರಲ್ಲಿ. ಗಲ್ಲಾಪೆಟ್ಟಿಗೆಯ ಪಕ್ಕ ಕ್ಯೂಆರ್ ಕೋಡಿನ ಹಲಗೆ ಕಂಡು ಬೆರಗಾಗುವ ಅಂಗಡಿಯವನನ್ನು ಈಗ ತಂದು ಕೂರಿಸಿದರೆ ಯಾರೂ ನಂಬುವುದಿಲ್ಲ.

ನನಗೆ ದಾರಿ ಕಂಡದ್ದು ಬೇರೆ ಪ್ರಶ್ನೆ ಕೇಳಿಕೊಂಡಾಗ. ಹತ್ತು ಹೆಜ್ಜೆ ನಡೆದರೆ ಸಿಗುವ ಅಂಗಡಿಯಿಂದ ಯಾರಾದರೂ ಆ್ಯಪಿನಲ್ಲಿ ಯಾಕೆ ತರಿಸುತ್ತಾರೆ? ಸೋಮಾರಿತನ ಅಂದರೆ ಅದು ಪಟ್ಟಣದ ಉತ್ತರ. ಹಳ್ಳಿಯಲ್ಲಿ ಇದಕ್ಕೆ ಗಟ್ಟಿಯಾದ ಕಾರಣ ಒಂದೇ: ಅಂಗಡಿಯವನ ಮುಖ ನೋಡಲು ಆಗದವರು ತರಿಸುತ್ತಾರೆ. ಮುಖ ಯಾಕೆ ನೋಡಲಾಗದು? ಉದ್ರಿ ಬಾಕಿ ಇದೆ.

ಇಲ್ಲಿಗೆ ಕತೆ ಕಣ್ಣು ಬಿಟ್ಟಿತು. ಗೌರಮ್ಮ ಅನ್ನುವವಳ ಮನೆಯ ಲೆಕ್ಕ ಏಳು ತಿಂಗಳಿಂದ ಅಂಗಡಿಯ ರುದ್ರಪ್ಪನ ಉದ್ರಿ ಪುಸ್ತಕದಲ್ಲಿ ನಿಂತಿದೆ. ಅವಳ ಕೈಯಲ್ಲಿ ಇವತ್ತಿನ ಸಾಮಾನಿಗೆ ದುಡ್ಡಿದೆ, ಹಳೆಯದಕ್ಕಿಲ್ಲ. ಅಂಗಡಿಗೆ ಹೋದರೆ ತಂದ ದುಡ್ಡು ಮೊದಲು ಹಳೆಯದಕ್ಕೆ ಜಮಾ ಆಗಿಬಿಡುತ್ತದೆ, ಬರಿಗೈಲಿ ವಾಪಸು ಬರಬೇಕಾಗುತ್ತದೆ. ಎಷ್ಟೋ ಜನ ಅಂಗಡಿ ಬದಲಾಯಿಸುವುದು ಇದೇ ಕಾರಣಕ್ಕೆ, ಬೆಲೆಯ ವ್ಯತ್ಯಾಸಕ್ಕಲ್ಲ. ಆ್ಯಪಿನಲ್ಲಿ ಹಳೆಯದನ್ನು ಕೇಳುವವರಿಲ್ಲ. ಇವತ್ತಿನ ದುಡ್ಡು, ಇವತ್ತಿನ ಸಾಮಾನು.

ಬಾಕಿ ಎಷ್ಟು ಅನ್ನುವುದನ್ನೂ ಯೋಚಿಸಿ ಇಡಬೇಕು. ನಾನು ಮೊದಲು ನಲವತ್ತು ಸಾವಿರ ಬರೆದಿದ್ದೆ. ಆಗ ಕತೆ ಸಾಲಗಾರ ಮತ್ತು ಸಾಲ ಕೊಟ್ಟವನ ಕಡೆಗೆ ತಿರುಗಿ, ಅಂಗಡಿ ಹಿಂದೆ ಬಿತ್ತು. ಕೊನೆಗೆ 1,840 ರೂಪಾಯಿಗೆ ಇಳಿಸಿದೆ. ಅದು ಯಾರನ್ನೂ ಮುಳುಗಿಸುವ ಮೊತ್ತವಲ್ಲ, ಆದರೆ ಬೀದಿಯಲ್ಲಿ ಎದುರು ಸಿಕ್ಕರೆ ತಲೆ ತಗ್ಗಿಸುವಂತೆ ಮಾಡುವ ಮೊತ್ತ.

ಎರಡನೇ ಹೆಜ್ಜೆ: ಊರಿನ ನಕ್ಷೆ ಬರೆಯಿರಿ, ನಿಜವಾಗಿ ಕಾಗದದ ಮೇಲೆ

ಜಾಣ ಓದುಗ ತಕ್ಷಣ ಕೇಳುವುದು ಇದನ್ನು: ಊರಲ್ಲಿ ಇನ್ನೊಂದು ಅಂಗಡಿ ಇಲ್ಲವೇ? ಗೌರಮ್ಮ ಅಲ್ಲಿಗೆ ಹೋಗಬಹುದಲ್ಲ? ಇದನ್ನು ತಪ್ಪಿಸಲು ನಾನು ಊರಲ್ಲಿ ಒಂದೇ ಅಂಗಡಿ ಎಂದು ಬರೆದು ಕೈತೊಳೆದುಕೊಂಡಿದ್ದೆ. ಅದು ತಪ್ಪಾಗಿತ್ತು. ಎರಡನೇ ಅಂಗಡಿ ಕತೆಗೆ ಬೇಕೇ ಬೇಕು, ಯಾಕೆ ಎಂಬುದು ಮುಂದೆ ತಿಳಿಯುತ್ತದೆ.

ಒಂದು ಹಾಳೆಯ ಮೇಲೆ ಗೆರೆ ಎಳೆದೆ. ಒಂದು ತುದಿಯಲ್ಲಿ ಗೌರಮ್ಮನ ಮನೆ, ಇನ್ನೊಂದು ತುದಿಯಲ್ಲಿ ನಂಜುಂಡನ ಅಂಗಡಿ, ನಡುವೆ ರುದ್ರಪ್ಪನ ಅಂಗಡಿ. ನಂಜುಂಡನ ಅಂಗಡಿಯಿಂದ ಕೈಚೀಲ ತುಂಬಿಕೊಂಡು ಬರಬೇಕೆಂದರೆ ರುದ್ರಪ್ಪನ ಕಣ್ಣೆದುರೇ ಹಾಯಬೇಕು. ಬಾಕಿ ಉಳಿಸಿಕೊಂಡದ್ದಕ್ಕಿಂತ ಅದು ದೊಡ್ಡ ಅಪಮಾನ. ಹಾಗಾಗಿ ಈ ಏಳು ತಿಂಗಳು ಅವಳು ವಾರದ ಸಂತೆಯಿಂದಲೇ ತರುತ್ತಿದ್ದಳು. ಈ ವಾರ ಮಳೆ ಹಿಡಿದು ಸಂತೆ ಸೇರಲಿಲ್ಲ. ಹಾಗಾಗಿ ಆರ್ಡರ್ ಈ ವಾರವೇ ಬರಬೇಕು. ಮಳೆಯನ್ನು ಕತೆಯಲ್ಲಿ ಒಂದೇ ಸಾಲಿನಲ್ಲಿ ಹೇಳಿದರೆ ಸಾಕು, ಆದರೆ ಆ ಒಂದು ಸಾಲು ಇಲ್ಲದಿದ್ದರೆ ‘ಇವತ್ತೇ ಯಾಕೆ’ ಎಂಬುದಕ್ಕೆ ಉತ್ತರ ಇರುವುದಿಲ್ಲ.

ಮೂರನೇ ಹೆಜ್ಜೆ: ಆ್ಯಪ್ ಅವಳ ಮನೆಯ ಫೋನಿಗೆ ಹೇಗೆ ಬಂತು?

ಇಲ್ಲಿ ಬಹಳ ಜನ ಎಡವುತ್ತಾರೆ. ಮಗ ಆ್ಯಪ್ ಮಾಡಿದ, ಊರವರೆಲ್ಲ ಹಾಕಿಕೊಂಡರು ಎಂದು ಒಂದೇ ವಾಕ್ಯದಲ್ಲಿ ದಾಟಿಬಿಡುತ್ತಾರೆ. ಆ್ಯಪ್ ಹೇಗೆ ಹೊರಗೆ ಬರುತ್ತದೆ ಎಂಬುದನ್ನು ಸ್ವಲ್ಪ ತಿಳಿದುಕೊಂಡರೆ ಕತೆಗೆ ಬೇಕಾದ ಕೊಂಡಿ ಅಲ್ಲೇ ಸಿಗುತ್ತದೆ.

ಗೂಗಲ್ ಪ್ಲೇನಲ್ಲಿ 2023ರ ನವೆಂಬರ್ ನಂತರ ವೈಯಕ್ತಿಕ ಡೆವಲಪರ್ ಖಾತೆ ತೆರೆದವರು ಆ್ಯಪನ್ನು ನೇರವಾಗಿ ಎಲ್ಲರಿಗೂ ಬಿಡುವಂತಿಲ್ಲ. ಮೊದಲು ಒಂದು ಸಣ್ಣ ಗುಂಪಿಗೆ ಮಾತ್ರ ಕೊಟ್ಟು ಪರೀಕ್ಷೆ ನಡೆಸಬೇಕು. ಆರಂಭದಲ್ಲಿ ಅದಕ್ಕೆ ಇಪ್ಪತ್ತು ಜನ ಬೇಕಿತ್ತು. 2024ರ ಡಿಸೆಂಬರಿನಲ್ಲಿ ಆ ಸಂಖ್ಯೆಯನ್ನು ಹನ್ನೆರಡಕ್ಕೆ ಇಳಿಸಿದರು. ಆ ಹನ್ನೆರಡು ಜನ ಸತತ ಹದಿನಾಲ್ಕು ದಿನ ಪರೀಕ್ಷೆಯಲ್ಲಿ ಉಳಿದಿರಬೇಕು. ನಡುವೆ ಒಬ್ಬರು ಬಿಟ್ಟುಹೋಗಿ ಸಂಖ್ಯೆ ಕಡಿಮೆಯಾದರೆ ಮಗನ ಎದೆ ಬಡಿದುಕೊಳ್ಳುತ್ತದೆ.

ಈ ನಿಯಮ ಕಂಡಾಗ ನನಗೆ ಚಿನ್ನ ಸಿಕ್ಕಂತಾಯಿತು. ಹನ್ನೆರಡು ಜನರನ್ನು ಹುಡುಕಿಕೊಂಡು ರುದ್ರಪ್ಪನ ಮಗ ಕಿರಣ ಅಲೆಯುತ್ತಾನೆ. ಊರಲ್ಲಿ ಐದು ಜನ ಸಿಗುತ್ತಾರೆ. ಉಳಿದವರ ಈಮೇಲನ್ನು ಅವನ ಸ್ನೇಹಿತನೊಬ್ಬ ಪಕ್ಕದ ಪೇಟೆಯ ಪಿಯು ಕಾಲೇಜಿನಲ್ಲಿ ಗುಡ್ಡೆ ಹಾಕಿ ಕಳಿಸುತ್ತಾನೆ. ಆ ಗುಡ್ಡೆಯಲ್ಲಿ ಗೌರಮ್ಮನ ಮಗಳು ಚೈತ್ರಾ ಇದ್ದಾಳೆ, ಆದರೆ ಅವಳ ಈಮೇಲಿನಲ್ಲಿ ಚೈತ್ರಾ ಎಂಬ ಹೆಸರಿಲ್ಲ. ‘ಸ್ಮೈಲಿ’ ಎಂದಿದೆ, ಆ ವಯಸ್ಸಿನ ಹುಡುಗಿಯರು ಇಟ್ಟುಕೊಳ್ಳುವ ಹಾಗೆ. ಒಂದೇ ಏಟಿಗೆ ಎರಡು ಕೆಲಸ ಆಯಿತು. ಆ್ಯಪ್ ಆ ಮನೆಗೆ ಯಾಕೆ ಬಂತು ಎಂಬುದಕ್ಕೆ ಕಾರಣ ಸಿಕ್ಕಿತು, ಆರ್ಡರ್ ಯಾರದು ಎಂಬುದು ಮುಚ್ಚಿಕೊಂಡಿತು.

ಎಚ್ಚರಿಕೆ ಏನೆಂದರೆ ಇದನ್ನೆಲ್ಲ ಕತೆಯಲ್ಲಿ ವಿವರಿಸಬೇಡಿ. ನಾನು ಉಳಿಸಿಕೊಂಡದ್ದು ಇಷ್ಟೇ:

“ಹನ್ನೆರಡು ಜನ ಬೇಕು ಅಪ್ಪ, ಹದಿನಾಲ್ಕು ದಿನ. ಒಬ್ಬರು ತೆಗೆದುಹಾಕಿದ್ರೂ ಕಷ್ಟ.”

“ತಿಥಿಗೆ ಕರೆದಂಗೆ ಕರೀತಿದೀಯಲ್ಲೋ,” ಅಂದ ರುದ್ರಪ್ಪ.

ನಾಲ್ಕನೇ ಹೆಜ್ಜೆ: ಅಂಗಡಿಯವನ ತಲೆಯೊಳಗಿನ ಪುಸ್ತಕ

ರುದ್ರಪ್ಪನನ್ನು ಬರೆಯುವ ಮುನ್ನ ಒಂದು ಬೆಳಗ್ಗೆ ಯಾವುದಾದರೂ ಹಳ್ಳಿ ಅಂಗಡಿಯ ಜಗಲಿಯ ಮೇಲೆ ಕುಳಿತು ಬರೇ ಕೇಳಿಸಿಕೊಳ್ಳಿ. ಗಿರಾಕಿಗಳು ತೂಕ ಹೇಳುವುದು ಕಡಿಮೆ. “ಹತ್ತು ರೂಪಾಯಿ ಕಾಫಿಪುಡಿ”, “ಇಪ್ಪತ್ತರ ಎಣ್ಣೆ”, “ಐದು ರೂಪಾಯಿ ಸಾಸಿವೆ”. ಅಂಗಡಿಯವನ ಕೈ ದುಡ್ಡಿಗೆ ತಕ್ಕಂತೆ ಪೊಟ್ಟಣ ಕಟ್ಟುತ್ತದೆ. ಆ್ಯಪಿಗೆ ಈ ಭಾಷೆ ಬರುವುದಿಲ್ಲ. ಅದಕ್ಕೆ ನೂರು ಗ್ರಾಂ, ಇನ್ನೂರೈವತ್ತು ಗ್ರಾಂ ಎಂದು ಅಳತೆ ಬೇಕು, ಅಳತೆಗೊಂದು ಬೆಲೆ ಬೇಕು.

ಅಪ್ಪ ಮಗ ಒಟ್ಟಿಗೆ ಕೂತು ಸಾಮಾನು ಪಟ್ಟಿ ತುಂಬಿಸುವ ದೃಶ್ಯವನ್ನು ಇದರಿಂದಲೇ ಕಟ್ಟಬಹುದು. ಜಗಳದ ಬದಲು ಇಬ್ಬರ ಲೋಕವೂ ಬೇರೆ ಎಂಬುದು ತಾನಾಗಿ ಕಾಣುತ್ತದೆ.

“ಸಾಸಿವೆ ಎಷ್ಟಪ್ಪ?”

“ಐದು ರೂಪಾಯಿಂದ.”

“ಗ್ರಾಮಲ್ಲಿ ಹೇಳಿ.”

“ಯಾರು ಕೇಳ್ತಾರೆ ಅನ್ನೋದರ ಮೇಲೆ.”

ಈ ಕೊನೆಯ ಮಾತೇ ರುದ್ರಪ್ಪ. ಅವನು ಮೋಸಗಾರನಲ್ಲ. ಆದರೆ ಐದು ರೂಪಾಯಿಗೆ ಬಂದ ಮಗುವಿಗೂ ಬಸುರಿಗೂ ಅವನ ಚಿಟಿಕೆ ಒಂದೇ ಅಲ್ಲ. ಇದೊಂದು ದೃಶ್ಯದ ಮೇಲೆ ಇಂಥ ಇನ್ನೊಂದನ್ನು ಹೇರಬೇಡಿ. ನಾನು ಎಣ್ಣೆಯದ್ದೂ ಬೆಲ್ಲದ್ದೂ ಸೇರಿಸಿ ನಗಿಸಲು ಹೋಗಿ ಕತೆಯನ್ನು ನಿಲ್ಲಿಸಿಬಿಟ್ಟಿದ್ದೆ.

ಅಂಗಡಿಯವನ ಬಗ್ಗೆ ತಿಳಿಯಬೇಕಾದ ಇನ್ನೊಂದು ಸಂಗತಿ ಕತೆಗೆ ಬೆನ್ನೆಲುಬು. ವರ್ಷಗಟ್ಟಲೆ ಕೊಟ್ಟವನಿಗೆ ಸಾಮಾನಿನ ಪಟ್ಟಿ ನೋಡಿದರೆ ಮನೆ ಯಾವುದು ಎಂದು ಗೊತ್ತಾಗುತ್ತದೆ. ಯಾರ ಮನೆಯಲ್ಲಿ ಸಕ್ಕರೆ ಕಾಯಿಲೆ, ಯಾರ ಮನೆಗೆ ಅಳಿಯ ಬಂದಿದ್ದಾನೆ, ಯಾರು ಉಪವಾಸ ಹಿಡಿದಿದ್ದಾರೆ, ಎಲ್ಲ ಪಟ್ಟಿಯಲ್ಲೇ ಇರುತ್ತದೆ. ಅಕ್ಷರ ನೋಡಿ ಬರೆದವರನ್ನು ಗುರುತಿಸುವ ಮೇಷ್ಟರ ಹಾಗೆ.

ಐದನೇ ಹೆಜ್ಜೆ: ಕತೆಗಿಂತ ಮೊದಲು ಆರ್ಡರ್ ಬರೆಯಿರಿ

ಇಡೀ ಕತೆಯಲ್ಲಿ ನಾನು ಹೆಚ್ಚು ಹೊತ್ತು ಕೂತದ್ದು ಈ ಆರು ಸಾಲಿಗೆ. ಪಟ್ಟಿ ಸುಮ್ಮನೆ ದಿನಸಿ ಪಟ್ಟಿಯ ಹಾಗೆ ಕಾಣಬೇಕು, ಆದರೆ ರುದ್ರಪ್ಪನಿಗೆ ಮಾತ್ರ ಅದರೊಳಗಿನ ಮನೆ ಕಾಣಬೇಕು. ಮೊದಲ ಪಟ್ಟಿಯಲ್ಲಿ ಮಗುವಿನ ಹಾಲಿನ ಪುಡಿ, ಜ್ವರದ ಮಾತ್ರೆ ಇದ್ದವು. ಓದುಗನ ಕರುಣೆಯನ್ನು ಬೇಡುವ ಸಾಮಾನು ಅವು, ಕಿತ್ತುಹಾಕಿದೆ. ಉಳಿದದ್ದು ಇದು:

ಸಕ್ಕರೆ, ಅರ್ಧ ಕೆಜಿ
ತೊಗರಿಬೇಳೆ, ಅರ್ಧ ಕೆಜಿ
ಕಾಫಿಪುಡಿ, 100 ಗ್ರಾಂ
ಬಟ್ಟೆ ಸೋಪು, 2
ಬೆಂಕಿಪೊಟ್ಟಣ, 1 ಕಟ್ಟು
ಬಟ್ಟೆಗೆ ಹಾಕುವ ನೀಲಿ, 1 ಸಣ್ಣ ಸೀಸೆ

ಅದರ ಕೆಳಗೆ: ‘ಹಣ ಪಾವತಿಯಾಗಿದೆ. ಬೆಳಗ್ಗೆ 8ಕ್ಕೆ ಬಸ್ ಸ್ಟಾಪ್. ತಮ್ಮ ಬರ್ತಾನೆ.’

ಮೊದಲ ಐದು ಯಾರ ಮನೆಯದ್ದಾದರೂ ಆಗಬಹುದು. ಆರನೆಯದು ಹಾಗಲ್ಲ. ಬಿಳಿ ಬಟ್ಟೆಗೆ ನೀಲಿ ಹಾಕುವ ಮನೆ ಊರಲ್ಲಿ ಉಳಿದಿರುವುದು ಒಂದೇ. ಗೌರಮ್ಮನ ಮಾವ ದಿನವೂ ಬಿಳಿ ಪಂಚೆ, ಬಿಳಿ ಅಂಗಿಯಲ್ಲೇ ಹೊರಗೆ ಬರುವುದು. ಬಾಕಿ ತೀರಿಸಲಾಗದ ಸೊಸೆ, ಮುದುಕನ ಪಂಚೆ ಹಳದಿಯಾಗಲು ಬಿಟ್ಟಿಲ್ಲ. ಇದನ್ನು ಕತೆಯಲ್ಲಿ ನಾನು ಹೇಳಿಲ್ಲ, ನೀವೂ ಹೇಳಬೇಡಿ. ನೀಲಿಯ ಸೀಸೆಯೇ ಹೇಳಲಿ.

ಸಮಯವನ್ನೂ ಈ ಪಟ್ಟಿಯೇ ಕಟ್ಟಿಕೊಟ್ಟಿತು. ಆರ್ಡರ್ ಬಂದದ್ದು ರಾತ್ರಿ 8:40ಕ್ಕೆ. ಕಿರಣನ ಫೋನು ಸದ್ದು ಮಾಡಲಿಲ್ಲ. ಬ್ಯಾಟರಿ ಉಳಿಸಲೆಂದು ತೆರೆಮರೆಯಲ್ಲಿ ಓಡುವ ಆ್ಯಪುಗಳನ್ನು ಎಷ್ಟೋ ಆಂಡ್ರಾಯ್ಡ್ ಫೋನುಗಳು ತಾವಾಗೇ ಮಲಗಿಸಿಬಿಡುತ್ತವೆ. ಸೂಚನೆ ಬರುವುದು ತಡವಾಗುತ್ತದೆ, ಇಲ್ಲವೇ ತೆರೆದು ನೋಡಿದಾಗಲೇ ಬರುತ್ತದೆ. ತಾನೇ ಮಾಡಿದ ಆ್ಯಪು ತನ್ನ ಫೋನಿನಲ್ಲೇ ಮಲಗಿತ್ತು ಎಂಬ ಪೇಚು ಕಿರಣನಿಗೆ. ಬೆಳಗ್ಗೆ ಆರಕ್ಕೆ ನೋಡುತ್ತಾನೆ. ಎಂಟಕ್ಕೆ ಬಸ್ ಸ್ಟಾಪಿನಲ್ಲಿ ಹುಡುಗ ಕಾಯುತ್ತಾನೆ. ಕತೆಯ ಒಟ್ಟು ಕಾಲ ಎರಡು ಗಂಟೆ. ಹಿಂದಿನ ತಿಂಗಳುಗಳೆಲ್ಲ ಈ ಎರಡು ಗಂಟೆಯ ನಡುವೆ ಎಲ್ಲೆಲ್ಲಿ ಸಂದು ಸಿಗುತ್ತದೋ ಅಲ್ಲಿ ತೂರಿಕೊಳ್ಳಬೇಕು.

ಆರನೇ ಹೆಜ್ಜೆ: ಗುರುತಿಸುವ ಗಳಿಗೆ

ಇದರ ಮೊದಲ ಕರಡು ನಾಚಿಕೆ ತರುವಂತಿತ್ತು: ‘ನೀಲಿ ಎಂಬ ಪದ ಕೇಳಿದೊಡನೆ ರುದ್ರಪ್ಪನಿಗೆ ಎಲ್ಲ ಅರ್ಥವಾಯಿತು. ಗೌರಮ್ಮನ ಬಡತನ, ಅವಳ ಸ್ವಾಭಿಮಾನ ನೆನೆದು ಅವನ ಮನಸ್ಸು ಕರಗಿತು.’ ಪಾತ್ರಕ್ಕೆ ಆದದ್ದನ್ನು ಲೇಖಕ ತಾನೇ ಓದಿ ಹೇಳುತ್ತಿದ್ದಾನೆ. ಹೀಗೆ ಬರೆದಾಗ ನಾನು ಒಂದು ಕೆಲಸ ಮಾಡುತ್ತೇನೆ. ಮನಸ್ಸಿನ ಮಾತನ್ನೆಲ್ಲ ಹೊಡೆದುಹಾಕಿ ಆ ಗಳಿಗೆಯಲ್ಲಿ ಕೈ ಏನು ಮಾಡುತ್ತಿತ್ತು ಎಂದು ನೋಡುತ್ತೇನೆ. ಎರಡನೇ ಕರಡು ಹೀಗಾಯಿತು:

ಕಿರಣ ಒಂದೊಂದೇ ಓದಿದ. ರುದ್ರಪ್ಪ ಒಂದೊಂದೇ ತೆಗೆದು ಮುಂದಿಟ್ಟ. ಸಕ್ಕರೆ. ಬೇಳೆ. ಕಾಫಿಪುಡಿಗೆ ತಕ್ಕಡಿ ತೂಗಿತು. ಸೋಪು ಎರಡು. ಬೆಂಕಿಪೊಟ್ಟಣ.

“ಆಮೇಲೆ ನೀಲಿ, ಒಂದು ಸೀಸೆ.”

ರುದ್ರಪ್ಪನ ಕೈ ಮೇಲಿನ ಹಲಗೆಗೆ ಹೋದದ್ದು ಅಲ್ಲೇ ನಿಂತಿತು.

“ಯಾರ ಹೆಸರಿದೆ ಅದ್ರಲ್ಲಿ?”

“ಸ್ಮೈಲಿ ಅಂತಿದೆ. ಯಾರೋ ಕಾಲೇಜಿನವರು.”

“ಹೂಂ,” ಅಂದ. ಕಾಫಿಪುಡಿಯ ಪೊಟ್ಟಣವನ್ನು ಬಿಚ್ಚಿ ಮತ್ತೆ ಕಟ್ಟಿದ, ಈ ಸಲ ದಾರ ಎರಡು ಸುತ್ತು.

ಅಷ್ಟೇ. ಉದ್ರಿ ಪುಸ್ತಕ ತೆರೆಯುವ ಆಸೆ ನಿಮಗಾಗುತ್ತದೆ, ನನಗೂ ಆಗಿತ್ತು. ಇಲ್ಲಿ ತೆರೆಸಬೇಡಿ. ಗೌರಮ್ಮನ ಬಾಕಿಯ ವಿಷಯ ಇದಕ್ಕೆ ಮೊದಲೇ, ಬೇರೆ ಏನೋ ಹುಡುಕುವಾಗ ಒಂದು ಹಾಳೆ ಮಗುಚಿದಂತೆ ಬಂದುಹೋಗಿರಬೇಕು. ಕತೆಯ ಆರಂಭದಲ್ಲಿ ಕಿರಣ ಹಳೆಯ ಲೆಕ್ಕವನ್ನೆಲ್ಲ ಆ್ಯಪಿಗೆ ಹತ್ತಿಸೋಣ ಎನ್ನುತ್ತಾನೆ. ರುದ್ರಪ್ಪ ಪುಸ್ತಕ ಕೊಡುವುದಿಲ್ಲ. “ಇದು ನಂದಲ್ಲ, ಊರವರದು” ಅನ್ನುತ್ತಾನೆ. ಆ ಜಾಗದಲ್ಲಿ ಗೌರಮ್ಮನ ಹೆಸರು, ಮೊತ್ತ, ಏಳು ತಿಂಗಳು ಎಲ್ಲ ಬಂದುಬಿಟ್ಟರೆ ಈಗ ದಾರದ ಎರಡು ಸುತ್ತು ಸಾಕು.

ಏಳನೇ ಹೆಜ್ಜೆ: ಸೀಸೆ ಇಲ್ಲ

ಗುರುತಿಸಿದ, ಕಟ್ಟಿದ, ಕಳಿಸಿದ. ಹೀಗಾದರೆ ಅದು ಘಟನೆಯಷ್ಟೇ. ಕತೆಯಾಗಲು ರುದ್ರಪ್ಪ ಏನಾದರೂ ಮಾಡಬೇಕಾದ ಇಕ್ಕಟ್ಟು ಬೇಕು. ಆ ಇಕ್ಕಟ್ಟು ಹೊರಗಿನಿಂದ ಬರಬಾರದು. ನಾನು ಒಮ್ಮೆ ಕರೆಂಟ್ ತೆಗೆಸಿ ನೋಡಿದೆ, ಇನ್ನೊಮ್ಮೆ ಮಳೆಯಲ್ಲಿ ಚೀಲ ನೆನೆಸಿದೆ. ಎರಡೂ ಅಂಟಿಸಿದಂತೆ ಕಂಡವು.

ಉತ್ತರ ಅಂಗಡಿಯ ವ್ಯವಹಾರದಲ್ಲೇ ಇತ್ತು. ಆ್ಯಪಿನಲ್ಲಿ ಮಾರುವ ಸಣ್ಣ ಅಂಗಡಿಗಳಲ್ಲಿ ಮೊದಲ ವಾರವೇ ಹಾದಿ ತಪ್ಪುವುದು ದಾಸ್ತಾನಿನ ಲೆಕ್ಕ. ಮಗ ಒಂದು ದಿನ ಕೂತು ಹಲಗೆಯ ಮೇಲಿದ್ದದ್ದನ್ನೆಲ್ಲ ಎಣಿಸಿ ತುಂಬಿಸುತ್ತಾನೆ. ಮಾರನೆಯ ದಿನದಿಂದ ಅಪ್ಪ ಎಂದಿನಂತೆ ಕೈಯಲ್ಲಿ ಮಾರುತ್ತಾನೆ, ಅದನ್ನು ಯಾರೂ ಆ್ಯಪಿನಲ್ಲಿ ಕಳೆಯುವುದಿಲ್ಲ. ಆ್ಯಪಿನ ಲೆಕ್ಕವೇ ಬೇರೆ, ಹಲಗೆಯ ಲೆಕ್ಕವೇ ಬೇರೆ. ಆ್ಯಪಿನಲ್ಲಿ ನೀಲಿ ಎರಡು ಸೀಸೆ ಇದೆ. ಹಲಗೆಯ ಮೇಲೆ ಇಲ್ಲ. ಹೋದ ವಾರ ಯಾರೋ ಮನೆಗೆ ಸುಣ್ಣ ಹೊಡೆಯುವವರು ಸುಣ್ಣಕ್ಕೆ ಬೆರೆಸಲೆಂದು ಎರಡನ್ನೂ ಒಯ್ದರು. ರುದ್ರಪ್ಪನೇ ಕೊಟ್ಟದ್ದು, ಮರೆತಿದ್ದ.

ಈಗ ಅವನ ಮುಂದಿರುವ ದಾರಿಗಳನ್ನು ಒಂದೊಂದಾಗಿ ಎತ್ತಿ ನೋಡಿ. ಕತೆ ಬರೆಯುವಾಗ ಇದು ನನಗೆ ಬಹಳ ಇಷ್ಟದ ಕೆಲಸ. ನೀಲಿ ಒಂದನ್ನು ಬಿಟ್ಟು ಉಳಿದದ್ದು ಕಳಿಸಬಹುದು, ಆದರೆ ಆ ಒಂದರ ದುಡ್ಡು ವಾಪಸು ಹಾಕಬೇಕು, ಕಿರಣನ ಆ್ಯಪಿನಲ್ಲಿ ಭಾಗಶಃ ವಾಪಸು ಕೊಡುವ ಗುಂಡಿ ಇನ್ನೂ ಇಲ್ಲ. ಇಡೀ ಆರ್ಡರ್ ರದ್ದು ಮಾಡಬಹುದು. ಆಗ ಗೌರಮ್ಮ ಏನೆಂದುಕೊಳ್ಳುತ್ತಾಳೆ? ಗುರುತು ಹಿಡಿದು ನಿರಾಕರಿಸಿದರು ಎಂದು. ಮೂರನೆಯದು ಎಲ್ಲಕ್ಕಿಂತ ಸುಲಭ, ಅದನ್ನೇ ಕಿರಣ ಹೇಳುತ್ತಾನೆ: “ನಂಬರ್ ಇದೆ ಅಪ್ಪ. ಫೋನ್ ಮಾಡಿ ಕೇಳ್ಲಾ, ನೀಲಿ ಇಲ್ಲ, ಬೇರೆ ಏನಾದ್ರೂ ಬೇಕಾ ಅಂತ?”

“ಬೇಡ.”

ಈ ‘ಬೇಡ’ದ ಮೇಲೆ ಇಡೀ ಕತೆ ನಿಂತಿದೆ. ಫೋನ್ ಮಾಡಿದರೆ ಆ ಕಡೆಯಿಂದ ದನಿ ಕೇಳುತ್ತದೆ. ದನಿ ಕೇಳಿದರೆ ಯಾರೆಂದು ಗೊತ್ತಾಗುತ್ತದೆ. ಗೊತ್ತಾದದ್ದು ಅವಳಿಗೂ ಗೊತ್ತಾಗುತ್ತದೆ. ಮುಖ ಮರೆಸಿಕೊಂಡು ಬಂದವಳ ಮುಸುಕನ್ನು ತಾನು ಎಳೆದಂತಾಗುತ್ತದೆ. ಇದನ್ನು ರುದ್ರಪ್ಪ ಹೇಳುವುದಿಲ್ಲ, ಕಿರಣನಿಗೆ ತಿಳಿಯುವುದೂ ಇಲ್ಲ. ಮಗನಿಗೆ ಕೊನೆಯವರೆಗೂ ತಿಳಿಯಬಾರದು ಎಂಬುದು ನನ್ನ ಹಟ. ತಿಳಿದರೆ ಅಪ್ಪ ಮಗನಿಗೆ ಪಾಠ ಹೇಳುವ ದೃಶ್ಯ ಬಂದೇ ಬರುತ್ತದೆ.

ಉಳಿದದ್ದು ನಂಜುಂಡನ ಅಂಗಡಿ. ಹತ್ತು ವರ್ಷದಿಂದ ಮೆಟ್ಟಿಲು ಹತ್ತದ ಅಂಗಡಿ.

ಎಂಟನೇ ಹೆಜ್ಜೆ: ಕೊನೆ, ಮತ್ತು ನಾನು ಎಸೆದ ಕೊನೆ

ಮೊದಲು ಬರೆದ ಕೊನೆಯಲ್ಲಿ ರುದ್ರಪ್ಪ ಸಕ್ಕರೆಯ ಪೊಟ್ಟಣಕ್ಕೆ ಒಂದು ಹಿಡಿ ಕೊಸರು ಹಾಕುತ್ತಾನೆ, ಆ್ಯಪಿನಲ್ಲಿ ಕೊಸರಿಗೆ ಜಾಗವಿಲ್ಲ ಎಂದು ಕತೆ ಮುಗಿಯುತ್ತದೆ. ಓದಿದ ಸ್ನೇಹಿತರೆಲ್ಲ ಚೆನ್ನಾಗಿದೆ ಅಂದರು. ಎಲ್ಲರೂ ಒಂದೇ ಬಾಯಲ್ಲಿ ಚೆನ್ನಾಗಿದೆ ಅಂದಾಗಲೇ ಅನುಮಾನ ಬಂತು. ಆ ಕೊಸರಿನಿಂದ ರುದ್ರಪ್ಪ ದೇವರಂಥವನಾಗಿಬಿಟ್ಟ, ಗೌರಮ್ಮ ದಾನ ತೆಗೆದುಕೊಂಡವಳಾದಳು. ಮೇಲಿದ್ದವನು ಮೇಲೇ ಉಳಿದ. ಕೊಡುವವನ ಜಾಗದಿಂದ ಅವನನ್ನು ಒಂದು ಗಳಿಗೆಯಾದರೂ ಕೆಳಗಿಳಿಸಬೇಕಿತ್ತು.

ಹೊಸ ಕೊನೆಗೆ ಬೇಕಾದ ಸಣ್ಣ ಸಣ್ಣ ಸಂಗತಿಗಳನ್ನು ಮೊದಲೇ ಹರಡಿಟ್ಟೆ. ಆರ್ಡರಿನ ದುಡ್ಡು ಬಿದ್ದಿರುವುದು ಕಿರಣನ ಖಾತೆಗೆ. ರುದ್ರಪ್ಪನ ಹತ್ತಿರ ಇರುವುದು ಗುಂಡಿಯ ಹಳೆ ಫೋನು. ಹೊತ್ತಾಗುತ್ತಿದೆ, ಅವನು ಹೊರಟದ್ದು ಬನಿಯನ್ನು ಮತ್ತು ಹೆಗಲ ಟವೆಲಿನಲ್ಲಿ, ಜೇಬಿಲ್ಲ. ಇವನ್ನು ಕೊನೆಯಲ್ಲಿ ತಂದರೆ ಲೇಖಕ ಅನುಕೂಲ ಮಾಡಿಕೊಂಡ ಎನಿಸುತ್ತದೆ. ಆರಂಭದಲ್ಲೇ, ಏನೂ ಅಲ್ಲದಂತೆ ಬಂದಿದ್ದರೆ ಓದುಗ ತಾನೇ ಕೂಡಿಸಿಕೊಳ್ಳುತ್ತಾನೆ.

“ಏನ್ ರುದ್ರಪ್ಪಣ್ಣ, ಈ ಕಡೆ?” ನಂಜುಂಡ ಎದ್ದು ನಿಂತ.

“ನೀಲಿ ಇದೆಯಾ? ಸಣ್ಣ ಸೀಸೆ.”

“ನಿಮ್ಮಂಗಡೀಲೇ ಇಲ್ವಾ?”

“ಇಲ್ಲ.”

ನಂಜುಂಡ ಸೀಸೆಯ ಧೂಳು ಒರೆಸಿ ಮುಂದಿಟ್ಟ. ರುದ್ರಪ್ಪನ ಕೈ ಎದೆಯ ಮೇಲೆ ಜೇಬು ಹುಡುಕಿತು, ಆಮೇಲೆ ಸೊಂಟದಲ್ಲಿ. ನಂಜುಂಡ ಗೋಡೆಯ ಮೇಲಿನ ಕ್ಯೂಆರ್ ತೋರಿಸಿದ. ರುದ್ರಪ್ಪ ತಲೆಯಾಡಿಸಿದ.

“ಅದಕ್ಕೇನಂತೆ ಬಿಡಿ,” ನಂಜುಂಡ ಕೈಚಾಚಿ ಉದ್ದನೆಯ ಪುಸ್ತಕ ಎಳೆದುಕೊಂಡ, ಕಿವಿಯ ಮೇಲಿದ್ದ ಪೆನ್ನು ತೆಗೆದ. “ಬರ್ಕೊಳ್ಲಾ?”

ಕತೆ ಅಲ್ಲಿಗೆ ನಿಂತಿತು. ರುದ್ರಪ್ಪ ಏನು ಹೇಳಿದ ಎಂಬುದನ್ನು ಬರೆದು ನೋಡಿದೆ, ಯಾವ ಉತ್ತರ ಬರೆದರೂ ಪ್ರಶ್ನೆಗಿಂತ ಸಣ್ಣದಾಯಿತು. ಬಸ್ ಸ್ಟಾಪಿನಲ್ಲಿ ಹುಡುಗನಿಗೆ ಚೀಲ ಕೊಡುವ ದೃಶ್ಯವನ್ನೂ ಬಿಟ್ಟೆ. ಸೀಸೆ ಸಿಕ್ಕಿದೆ ಅಂದಮೇಲೆ ಚೀಲ ತಲುಪುತ್ತದೆ.

ಮುಗಿಸಿದ ಮೇಲೆ

ಸುಮಾರು ಎರಡು ಸಾವಿರ ಪದಗಳ ಒಳಗೆ ಈ ಕತೆ ಮುಗಿಯಬೇಕು, ಹೆಚ್ಚಾದರೆ ನೀವು ಎಲ್ಲೋ ಆ್ಯಪನ್ನು ವಿವರಿಸುತ್ತಿದ್ದೀರಿ. ಕರಡಿನಲ್ಲಿ ‘ತಂತ್ರಜ್ಞಾನ’ ಎಂಬ ಪದ ಎಲ್ಲಿದೆ ಹುಡುಕಿ. ನನ್ನದರಲ್ಲಿ ನಾಲ್ಕು ಕಡೆ ಇತ್ತು. ನಾಲ್ಕು ಕಡೆಯೂ ಆ ವಾಕ್ಯವೇ ಬೇಡವಾಗಿತ್ತು. ಇನ್ನೊಂದು ಪರೀಕ್ಷೆಯೂ ಇದೆ. ಆ್ಯಪಿನ ಬದಲು ಹುಡುಗನೊಬ್ಬ ಚೀಟಿ ತಂದುಕೊಟ್ಟ ಎಂದು ಬದಲಿಸಿ ಓದಿ. ಆಗಲೂ ಕತೆ ಹಾಗೇ ನಡೆದರೆ ನಿಮ್ಮ ಕತೆಗೆ ಆ್ಯಪ್ ಬೇಕಿರಲಿಲ್ಲ. ಇಲ್ಲಿ ಹಾಗಾಗುವುದಿಲ್ಲ. ಚೀಟಿ ತಂದ ಹುಡುಗನಿಗೆ ಮುಖವಿರುತ್ತದೆ, ಆ್ಯಪಿನ ಸ್ಮೈಲಿಗೆ ಇಲ್ಲ.

ಮಾತುಗಳನ್ನು ಗಟ್ಟಿಯಾಗಿ ಓದಿ ನೋಡುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಅದಕ್ಕಿಂತ ಉಪಯೋಗಕ್ಕೆ ಬಂದದ್ದು ಒಬ್ಬ ಅಂಗಡಿಯವರಿಗೇ ಇದನ್ನು ಓದಿ ಹೇಳಿದ್ದು. ಪರಿಚಯದವರು, ಮೂವತ್ತು ವರ್ಷ ಗಲ್ಲಾದ ಮೇಲೆ ಕೂತವರು. ಗುರುತಿಸುವ ದೃಶ್ಯಕ್ಕೆ ಅವರು ತಲೆಯಾಡಿಸಿದರು, ದಾರದ ಎರಡು ಸುತ್ತಿಗೆ ನಕ್ಕರು. ಕೊನೆಗೆ ಬಂದಾಗ ಕೈ ಎತ್ತಿ ನಿಲ್ಲಿಸಿದರು.

“ಬೆಳಗ್ಗೆ ಎಷ್ಟು ಗಂಟೆ ಅಂದ್ರಿ?”

“ಏಳೂವರೆ.”

“ಬೋಣಿ ಆಗಿತ್ತಾ ನಂಜುಂಡನಿಗೆ?”

ನಾನು ಯೋಚಿಸಿರಲಿಲ್ಲ. ದಿನದ ಮೊದಲ ವ್ಯಾಪಾರವನ್ನು ಉದ್ರಿಗೆ ಬರೆದುಕೊಳ್ಳುವ ಅಂಗಡಿಯವನಿಲ್ಲ, ತಮ್ಮನೇ ಬಂದು ನಿಂತರೂ “ಬೋಣಿ ಆಗ್ಲಿ, ಆಮೇಲೆ ಬಾ” ಅನ್ನುತ್ತಾರೆ ಎಂದರು ಅವರು. ಎರಡು ದಾರಿ ಇತ್ತು. ನಂಜುಂಡ ಬೋಣಿಗೂ ಮುಂಚೆ ಬರೆದುಕೊಂಡ ಎಂದರೆ ಅದು ದೊಡ್ಡ ಔದಾರ್ಯವಾಗಿ, ಕೊಸರಿನ ದೇವರು ಈ ಕಡೆಯ ಅಂಗಡಿಗೆ ಬಂದು ಕೂತಂತಾಗುತ್ತಿತ್ತು. ಹಾಗಾಗಿ ಮನೆಗೆ ಬಂದು ರುದ್ರಪ್ಪ ಮೆಟ್ಟಿಲು ಹತ್ತುವ ಮುಂಚೆ ಒಂದು ಸಾಲು ಸೇರಿಸಿದೆ: ‘ಬಿಸ್ಕತ್ತಿನ ಪೊಟ್ಟಣ ಹಿಡಿದ ಹುಡುಗಿಯೊಬ್ಬಳು ಮೆಟ್ಟಿಲಿಳಿದು ಓಡಿದಳು, ನಂಜುಂಡ ಅವಳು ಕೊಟ್ಟ ನಾಣ್ಯವನ್ನು ಕಣ್ಣಿಗೊತ್ತಿಕೊಂಡು ಗಲ್ಲಾಕ್ಕೆ ಹಾಕುತ್ತಿದ್ದ.’